ಸ್ಕ್ಯಾನ್ ಪುಟದ ಅಚ್ಚುತಪ್ಪಿಗೆ ತೇಪೆ

ಒಂದು ಶಾಲೆಯ ಹಳೆಯ ಸ್ಮರಣ ಸಂಚಿಕೆ ಇದೆ ಎಂದುಕೊಳ್ಳಿ. ಡಿಟಿಪಿ ಮಾಡಿದವರ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿದೆ. ಉಳಿದಿರುವುದು ಒಂದು ಪ್ರತಿ, ಅದರ ಸ್ಕ್ಯಾನ್ ಪಿಡಿಎಫ್ ಅಷ್ಟೇ. ಮರುಮುದ್ರಣಕ್ಕೆ ಕೊಡುವ ಮುನ್ನ ನೋಡಿದರೆ, 12ನೇ ಪುಟದಲ್ಲಿ ‘ಉದ್ಘಾಟನೆ’ ಎಂದಿರಬೇಕಾದ ಕಡೆ ‘ಉದ್ಗಾಟನೆ’ ಎಂದಿದೆ. ಒಂದು ಒತ್ತಕ್ಷರಕ್ಕಾಗಿ ಪುಸ್ತಕವನ್ನೇ ಮತ್ತೆ ಟೈಪ್ ಮಾಡಿಸುವುದು ಆಗದ ಮಾತು. ಆ ಪದವನ್ನಷ್ಟೇ ಮುಚ್ಚಿ, ಅದೇ ಜಾಗದಲ್ಲಿ ಸರಿಯಾದ ಪದ ಕೂರಿಸಬಹುದು. ಕೂರಿಸಿದ್ದು ಕಾಣದಂತೆ ಮಾಡುವುದರಲ್ಲಿದೆ ಕೆಲಸ.

ಸ್ಕ್ಯಾನ್ ಆದ ಪುಟದಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳ ಫೋಟೊ ಇರುತ್ತದೆ. ಕೆಲವು ಪಿಡಿಎಫ್‌ಗಳಲ್ಲಿ ಪದಗಳನ್ನು ಸೆಲೆಕ್ಟ್ ಮಾಡಲು ಬರುತ್ತದಲ್ಲ ಎನ್ನಬಹುದು. ಅದು ಓಸಿಆರ್ ತಂತ್ರಾಂಶ ಫೋಟೊದ ಜೊತೆಗೆ ಸೇರಿಸಿದ, ಕಣ್ಣಿಗೆ ಕಾಣದ ಪಠ್ಯ. ಅದನ್ನು ತಿದ್ದಿದರೆ ಹುಡುಕಾಟದಲ್ಲಿ ಹೊಸ ಪದ ಸಿಗುತ್ತದೆ, ಕಾಗದದ ಮೇಲೆ ಹಳೆಯ ತಪ್ಪೇ ಅಚ್ಚಾಗುತ್ತದೆ. ಪಿಡಿಎಫ್ ತಂತ್ರಾಂಶದಲ್ಲಿ ಬಿಳಿ ಚೌಕ ಎಳೆದು ಮೇಲೆ ಟೈಪ್ ಮಾಡುವ ದಾರಿಯೂ ಇದೆ. ಅವಸರದ ಕೆಲಸಕ್ಕೆ ಅದು ಸಾಕು. ಆದರೆ ಹಳೆಯ ಕಾಗದ ಸ್ಕ್ಯಾನ್‌ನಲ್ಲಿ ಬಿಳಿಯಾಗಿರುವುದಿಲ್ಲ, ಹಾಗಾಗಿ ಚೌಕ ಎದ್ದು ಕಾಣುತ್ತದೆ. ಅದನ್ನು ಪಕ್ಕಕ್ಕೆ ಸರಿಸಿದರೆ ತಪ್ಪು ಪದ ಅಲ್ಲೇ ಇರುತ್ತದೆ. ಮುದ್ರಣಕ್ಕೆ ಹೋಗುವ ಪುಟವಾದರೆ ಚಿತ್ರವನ್ನೇ ತಿದ್ದಬೇಕು.

ಮೊದಲು ಆ ಪುಟವನ್ನು ಹೊರತೆಗೆಯಬೇಕು. ಪಾಪ್ಲರ್ ಎಂಬ ಉಚಿತ ಸಲಕರಣೆಗಳಿಂದ ಎರಡು ಸಾಲಿನಲ್ಲಿ ಇದಾಗುತ್ತದೆ:

```
pdfimages -list -f 12 -l 12 book.pdf
pdftoppm -r 300 -f 12 -singlefile -png book.pdf p12
```

ಮೊದಲ ಸಾಲು ಸ್ಕ್ಯಾನ್‌ನ ಸಾಂದ್ರತೆ ಎಷ್ಟೆಂದು ಹೇಳುತ್ತದೆ. x-ppi ಅಂಕಣ ನೋಡಿ. ಅಲ್ಲಿ 300 ಇದ್ದರೆ ಎರಡನೆಯ ಸಾಲಿನಲ್ಲೂ 300, 400 ಇದ್ದರೆ 400 ಕೊಡಬೇಕು. ಕಡಿಮೆ ಕೊಟ್ಟರೆ ಆ ಒಂದು ಪುಟ ಮಾತ್ರ ಮಂಕಾಗಿ, ಓದುವವರಿಗೆ ಕಾರಣ ತಿಳಿಯದಿದ್ದರೂ ಏನೋ ಆಗಿದೆ ಎಂದು ಅನಿಸುತ್ತದೆ.

ಚಿತ್ರವನ್ನು ಗಿಂಪ್‌ನಲ್ಲಿ ತೆರೆದ ಮೇಲೆ ಟೈಪ್ ಮಾಡಲು ಅವಸರಪಡಬೇಡಿ. ಅದೇ ಪುಸ್ತಕದಲ್ಲಿ ಬೇರೆಲ್ಲಾದರೂ ‘ಉದ್ಘಾಟನೆ’ ಸರಿಯಾಗಿ ಅಚ್ಚಾಗಿದೆಯೇ ಹುಡುಕಿ. ಅದೇ ಗಾತ್ರದಲ್ಲಿ ಸಿಕ್ಕರೆ ಕತ್ತರಿಸಿ ತಂದು ಅಂಟಿಸಿ. ಅದಕ್ಕಿಂತ ಒಳ್ಳೆಯ ಹೊಂದಾಣಿಕೆ ಯಾವ ಫಾಂಟಿನಿಂದಲೂ ಬರದು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಗಳಿಗಂತೂ ಇದೊಂದೇ ದಾರಿ ಎನ್ನಬೇಕು. ಆ ಮೊಳೆಗಳ ರೂಪ ಇಂದಿನ ಫಾಂಟುಗಳಲ್ಲಿ ಸಿಗುವುದು ಅಪರೂಪ.

ಸಿಗದಿದ್ದರೆ ಟೈಪ್ ಮಾಡಲೇಬೇಕು. ಆಗ ಮೊದಲು ಟೈಪ್ ಮಾಡಬೇಕಾದದ್ದು ತಪ್ಪಿರುವ ಪದವನ್ನಲ್ಲ, ಅದರ ಪಕ್ಕದಲ್ಲಿ ಸರಿಯಾಗಿರುವ ಪದವನ್ನು. ನಮ್ಮ ಪುಟದಲ್ಲಿ ಹಿಂದಿನ ಪದ ‘ಕಟ್ಟಡದ’. ಅದನ್ನು ಒಂದೊಂದೇ ಫಾಂಟಿನಲ್ಲಿ ಟೈಪ್ ಮಾಡಿ, ಪದರದ ಅಪಾರದರ್ಶಕತೆಯನ್ನು ಅರ್ಧಕ್ಕಿಳಿಸಿ, ಅಚ್ಚಾದ ‘ಕಟ್ಟಡದ’ ಮೇಲೆ ಇಟ್ಟು ನೋಡಿ. ತಲೆಕಟ್ಟಿನ ಬಾಗು, ‘ಟ’ದ ಹೊಟ್ಟೆ, ಒತ್ತಿನ ಗಾತ್ರ ಇವುಗಳಲ್ಲಿ ಫಾಂಟಿನ ಗುಟ್ಟು ಬಯಲಾಗುತ್ತದೆ. ಡಿಟಿಪಿ ಕಾಲದ ಪುಸ್ತಕವಾದರೆ ನುಡಿ, ಬರಹ, ಶ್ರೀಲಿಪಿಯ ಫಾಂಟುಗಳಲ್ಲಿ ಹುಡುಕುವುದು ಜಾಣತನ. ಅವು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಾದರೂ ಇಲ್ಲಿ ಅಡ್ಡಿಯಿಲ್ಲ, ನಮಗೆ ಬೇಕಿರುವುದು ಅಕ್ಷರದ ಆಕಾರ ಮಾತ್ರ. ಅಂದಹಾಗೆ, ಫೋಟೊಶಾಪ್ ಬಳಸುವವರು ಪಠ್ಯದ ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗಳ ಜೋಡಣೆ ಆಯ್ಕೆಯಾಗಿದೆಯೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡಬಹುದು.

ಗಾತ್ರಕ್ಕೆ ಸಣ್ಣದೊಂದು ಲೆಕ್ಕವಿದೆ. ಒಂದು ಇಂಚಿಗೆ 72 ಪಾಯಿಂಟ್. ಹಾಗಾಗಿ 300ರ ಸ್ಕ್ಯಾನ್‌ನಲ್ಲಿ 12 ಪಾಯಿಂಟ್ ಅಕ್ಷರವೆಂದರೆ 50 ಪಿಕ್ಸೆಲ್. ಅಲ್ಲಿಂದ ಶುರುಮಾಡಿ. 50ರಲ್ಲಿ ಟೈಪ್ ಮಾಡಿದ ‘ದ’ದ ಎತ್ತರ 28 ಪಿಕ್ಸೆಲ್ ಬಂತು, ಪುಟದಲ್ಲಿರುವ ‘ದ’ 31 ಪಿಕ್ಸೆಲ್ ಇದೆ ಎನ್ನೋಣ. 50ನ್ನು 31ರಿಂದ ಗುಣಿಸಿ 28ರಿಂದ ಭಾಗಿಸಿದರೆ ಸುಮಾರು 55. ಅದೇ ನಿಮ್ಮ ಗಾತ್ರ. ಎತ್ತರ ಹೊಂದಿಯೂ ಅಗಲ ಹೊಂದದಿದ್ದರೆ ಅಕ್ಷರಗಳ ನಡುವಿನ ಅಂತರವನ್ನು ಸ್ವಲ್ಪ ಹಿಗ್ಗಿಸಿ ಅಥವಾ ಕುಗ್ಗಿಸಿ. ಅಕ್ಷರವನ್ನೇ ಅಡ್ಡಕ್ಕೆ ಎಳೆದರೆ ಗೆರೆಯ ದಪ್ಪ ಕೆಟ್ಟು ಮೋಸ ಗೊತ್ತಾಗುತ್ತದೆ.

ಈಗ ಮುಚ್ಚುವ ಕೆಲಸ. ಬಣ್ಣ ಬಳಿಯುವುದಕ್ಕಿಂತ ಕಾಗದವನ್ನೇ ತಂದು ಮುಚ್ಚುವುದು ಲೇಸು. ಅದೇ ಪುಟದಲ್ಲಿ, ಆ ಸಾಲಿಗೆ ಹತ್ತಿರದ ಖಾಲಿ ಅಂಚಿನಿಂದ ಕ್ಲೋನ್ ಟೂಲ್‌ನಲ್ಲಿ ತುಂಡು ತೆಗೆದುಕೊಂಡರೆ ಕಾಗದದ ಬಣ್ಣ, ಚುಕ್ಕೆ, ನಾರು ಎಲ್ಲ ಜೊತೆಗೇ ಬರುತ್ತವೆ. ಕನ್ನಡದಲ್ಲಿ ಇಲ್ಲೊಂದು ಹೆಚ್ಚಿನ ತೊಂದರೆಯಿದೆ. ನಮ್ಮ ಸಾಲುಗಳು ನೇರ ಗೆರೆ ಹಾಕಿದಂತೆ ಬೇರೆಬೇರೆಯಾಗಿರುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಕ್ಕೆ ಜೋತಾಡುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ. ಚೌಕಾಕಾರದಲ್ಲಿ ಮುಚ್ಚಿದರೆ ಕೆಳಸಾಲಿನ ‘ಕಿ’ ಹೋಗಿ ‘ಕ’ ಆಗಿಬಿಡಬಹುದು. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದಂತೆ. ಆದ್ದರಿಂದ ಚಿಕ್ಕ ಕುಂಚ ಹಿಡಿದು, ಪದದ ಸುತ್ತ ಅದರ ಆಕಾರಕ್ಕೆ ತಕ್ಕಂತೆ ಮುಚ್ಚಿ. ‘ಉದ್ಗಾಟನೆ’ಯಲ್ಲಿ ಒತ್ತನ್ನು ಮಾತ್ರ ಬದಲಿಸಿದರೂ ನಡೆಯುತ್ತದೆ. ಅಗಲವೇ ಬದಲಾಗುವ ಪದವಾದರೆ ಸಾಲಿನ ಕೊನೆಯವರೆಗೂ ಮುಚ್ಚಿ, ಉಳಿದ ಪದಗಳನ್ನು ಕತ್ತರಿಸಿ ಸರಿಸಬೇಕು.

ಪದ ಕೂತರೂ ಅದು ತೀರ ಹೊಸದಾಗಿ ಹೊಳೆಯುತ್ತದೆ. ಸ್ಕ್ಯಾನ್‌ನಲ್ಲಿ ಶಾಯಿ ಅಪ್ಪಟ ಕಪ್ಪಲ್ಲ, ಗಾಢ ಬೂದು. ಹತ್ತಿರದ ದಪ್ಪ ಅಕ್ಷರವೊಂದರ ನಡುವಿನಿಂದ ಬಣ್ಣ ಎತ್ತಿಕೊಂಡು ಹೊಸ ಪದಕ್ಕೆ ಕೊಡಿ. ಅಂಚುಗಳನ್ನು ಮೃದುಗೊಳಿಸಲು ಗಾಸಿಯನ್ ಬ್ಲರ್ ಅರ್ಧ ಪಿಕ್ಸೆಲ್‌ನಿಂದ ಮುಕ್ಕಾಲು ಪಿಕ್ಸೆಲ್ ಸಾಕು. ಪುಟ ಓರೆಯಾಗಿ ಸ್ಕ್ಯಾನ್ ಆಗಿದ್ದರೆ ಅಳತೆಯ ಟೂಲ್‌ನಿಂದ ಸಾಲಿನ ಕೋನ ನೋಡಿ, ಹೊಸ ಪದವನ್ನೂ ಅಷ್ಟೇ ತಿರುಗಿಸಿ. ಅರ್ಧ ಡಿಗ್ರಿಯ ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ. ಬೂದು ಛಾಯೆಯೇ ಇಲ್ಲದ ಶುದ್ಧ ಕಪ್ಪು-ಬಿಳುಪು ಸ್ಕ್ಯಾನ್ ಆದರೆ ಬಣ್ಣದ, ಬ್ಲರ್‌ನ ಉಪಚಾರ ಬೇಡ, ಬ್ಲರ್ ಕೊಟ್ಟರೇ ಸಿಕ್ಕಿಬೀಳುತ್ತೀರಿ.

ಕೊನೆಗೆ `Image > Flatten Image` ಮಾಡಿ ಪಿಎನ್‌ಜಿಯಾಗಿ ಉಳಿಸಿ. ಇದನ್ನು ಮರೆತು ಪಾರದರ್ಶಕ ಪದರ ಉಳಿದುಕೊಂಡರೆ ಮುಂದಿನ ಹಂತದಲ್ಲಿ ತಕರಾರು ಬರಬಹುದು. ಬಳಿಕ ಆ ಪುಟವನ್ನು ಪುಸ್ತಕದೊಳಗೆ ಸೇರಿಸಿ:

```
img2pdf p12.png -o p12.pdf
qpdf book.pdf --pages book.pdf 1-11 p12.pdf 1 book.pdf 13-z -- new.pdf
```

ಉಳಿದ ಪುಟಗಳ ಚಿತ್ರಗಳನ್ನು ಇದು ಮುಟ್ಟುವುದಿಲ್ಲ. ಆದರೆ 12ನೇ ಪುಟದಲ್ಲಿ ಹುಡುಕುವ ಸೌಲಭ್ಯವಿದ್ದರೆ ಅದು ಹೋಗಿರುತ್ತದೆ, ಆ ಪುಟಕ್ಕೆ ಮತ್ತೆ ಓಸಿಆರ್ ಮಾಡಬೇಕು. ಪರದೆಯ ಮೇಲೆ 400 ಪ್ರತಿಶತಕ್ಕೆ ಹಿಗ್ಗಿಸಿ ತೃಪ್ತಿಪಡದೆ, ಪುಟವನ್ನು ನೂರು ಪ್ರತಿಶತ ಗಾತ್ರದಲ್ಲಿ ಪ್ರಿಂಟ್ ತೆಗೆದು, ತಿದ್ದಿದ್ದು ಗೊತ್ತಿಲ್ಲದವರ ಕೈಗೆ ಕೊಟ್ಟು ನೋಡಿ. ಮೂಲ ಪಿಡಿಎಫ್ ಅನ್ನು ಬೇರೆ ಹೆಸರಿನಲ್ಲಿ ಹಾಗೇ ಇಟ್ಟುಕೊಳ್ಳಿ, ಮರುಮುದ್ರಣದ ಅರಿಕೆಯಲ್ಲಿ ತಿದ್ದುಪಡಿಯ ಬಗ್ಗೆ ಒಂದು ಸಾಲು ಬರೆಯಿರಿ.

ಈ ಕೈಚಳಕ ನಿಮ್ಮದೇ ಪುಸ್ತಕ, ಆಮಂತ್ರಣ, ಸಂಚಿಕೆಗಳಿಗೆ ಮಾತ್ರ. ಅಂಕಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ, ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಿದ್ದರೆ, ತಪ್ಪು ನಿಜವಾದದ್ದೇ ಆದರೂ ಮುಟ್ಟಬೇಡಿ. ಅಂಥ ದಾಖಲೆಯನ್ನು ಹೀಗೆ ತಿದ್ದಿ ಬಳಸಿದರೆ ಫೋರ್ಜರಿ ಕೇಸಿಗೆ ದಾರಿಯಾಗುತ್ತದೆ. ಅಂಕಪಟ್ಟಿಗೆ ಅದನ್ನು ಕೊಟ್ಟ ಮಂಡಳಿಗೇ ಅರ್ಜಿ ಹಾಕಬೇಕು, ಕ್ರಯಪತ್ರಕ್ಕೆ ತಿದ್ದುಪಡಿ ಪತ್ರ ನೋಂದಾಯಿಸಬೇಕು.