ಎಂಟನೇ ಬ್ಯಾಚಿಗೆ ಎಷ್ಟು ಗಂಟೆ?

ಪೀಣ್ಯದ ಒಂದು ಸಣ್ಣ ಘಟಕ ಹೊಸ ಬಗೆಯ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡಲು ಒಪ್ಪಿಕೊಂಡಿದೆ ಎಂದುಕೊಳ್ಳಿ. ಹತ್ತು ಪ್ಯಾನೆಲ್‌ಗಳ ಮೊದಲ ಬ್ಯಾಚಿಗೆ 500 ಗಂಟೆ ದುಡಿಮೆ ಹಿಡಿಯಿತು. ಗ್ರಾಹಕರಿಗೆ ಮಾಲು ಹಿಡಿಸಿತು, ಇಂಥವೇ ಇನ್ನೂ ಏಳು ಬ್ಯಾಚ್ ಬೇಕು, ದರ ಹೇಳಿ ಅಂದರು. ಏಳನ್ನು 500ರಿಂದ ಗುಣಿಸಿ 3,500 ಗಂಟೆ ಎಂದು ಕೊಟೇಶನ್ ಬರೆದರೆ ಆರ್ಡರ್ ಪಕ್ಕದ ರಸ್ತೆಯವರ ಪಾಲಾಗುತ್ತದೆ. ಹಾಗೆಂದು ಅಂದಾಜಿಗೆ ಅರ್ಧ ಮಾಡಿ ಬರೆದರೆ ಕೈಯಿಂದ ಕಳೆದುಕೊಳ್ಳುವ ಭಯ.

ಮೊದಲ ಬ್ಯಾಚಿನ 500 ಗಂಟೆಯಲ್ಲಿ ಬರೀ ಕೆಲಸವಷ್ಟೇ ಇರಲಿಲ್ಲ. ಡ್ರಾಯಿಂಗ್ ನೋಡಿ ಅರ್ಥ ಮಾಡಿಕೊಂಡಿದ್ದು, ಗಿಡ್ಡವಾಗಿ ಕತ್ತರಿಸಿದ ವೈರನ್ನು ಎಸೆದು ಮತ್ತೆ ಕತ್ತರಿಸಿದ್ದು, ಟೆಸ್ಟಿಂಗ್‌ನಲ್ಲಿ ಸಿಕ್ಕಿಬಿದ್ದ ತಪ್ಪು ಜೋಡಣೆ ಬಿಚ್ಚಿ ಕಟ್ಟಿದ್ದು ಎಲ್ಲವೂ ಸೇರಿತ್ತು. ಎರಡನೇ ಸಲಕ್ಕೆ ಯಾವ ವೈರ್ ಎಷ್ಟುದ್ದ ಎಂಬ ಪಟ್ಟಿ ಸಿದ್ಧವಿರುತ್ತದೆ, ಯಾವ ಟರ್ಮಿನಲ್ ಮೊದಲು ಬಿಗಿಯಬೇಕೆಂಬುದು ಕೈಗೆ ಗೊತ್ತಿರುತ್ತದೆ. ಗಂಟೆ ಇಳಿಯುವುದು ಖಂಡಿತ. ಎಷ್ಟು ಇಳಿಯುತ್ತದೆ ಎಂಬುದೇ ಪ್ರಶ್ನೆ.

ಇದಕ್ಕೆ ಲೆಕ್ಕದ ರೂಪ ಕೊಟ್ಟವರು ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್. ವಿಮಾನಗಳ ತಯಾರಿಕಾ ವೆಚ್ಚದ ಬಗ್ಗೆ 1936ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಒಂದು ಕ್ರಮವನ್ನು ತೋರಿಸಿದರು: ಒಟ್ಟು ತಯಾರಿಕೆ ಇಮ್ಮಡಿಯಾದಾಗಲೆಲ್ಲ ಸರಾಸರಿ ದುಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಅವರು ಕಂಡ ಪ್ರಮಾಣ ಸುಮಾರು ಶೇ. 80. ಅಂದರೆ ಪ್ರತಿ ಇಮ್ಮಡಿಗೂ ಹಿಂದಿನ ಸರಾಸರಿಯ ನೂರರಲ್ಲಿ ಎಂಬತ್ತು ಪಾಲು ಉಳಿಯುತ್ತದೆ. ಇದೇ ಲರ್ನಿಂಗ್ ಕರ್ವ್, ಕಲಿಕೆಯ ರೇಖೆ.

ಇಲ್ಲಿ ಸರಾಸರಿ ಎಂದರೆ ಸಂಚಿತ ಸರಾಸರಿ, ಮೊದಲ ಬ್ಯಾಚಿನಿಂದ ಇಲ್ಲಿಯವರೆಗಿನ ಎಲ್ಲವನ್ನೂ ಕೂಡಿ ಭಾಗಿಸಿದ್ದು. ನಮ್ಮ ಘಟಕಕ್ಕೆ ಶೇ. 80 ಹೊಂದುತ್ತದೆ ಎಂದಿಟ್ಟುಕೊಂಡರೆ ಎರಡು ಬ್ಯಾಚ್ ಮುಗಿದಾಗ ಸರಾಸರಿ 400 ಗಂಟೆ, ನಾಲ್ಕು ಮುಗಿದಾಗ 320, ಎಂಟು ಮುಗಿದಾಗ 256. ಎರಡು ಬ್ಯಾಚಿಗೆ ಒಟ್ಟು 800 ಗಂಟೆ, ಅದರಲ್ಲಿ 500 ಮೊದಲನೆಯದಕ್ಕೇ ಹೋಗಿದೆ. ಹಾಗಾಗಿ ಎರಡನೇ ಬ್ಯಾಚ್ ಒಂದಕ್ಕೇ ತಗಲುವುದು 400 ಅಲ್ಲ, 300. ಈ ಕಳೆಯುವ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಎಂಟು ಬ್ಯಾಚಿನ ಸರಾಸರಿ 256 ಎಂದು ಕಂಡ ಕೂಡಲೇ ಉಳಿದ ಏಳಕ್ಕೆ 256ರಂತೆ 1,792 ಗಂಟೆ ಬರೆದುಬಿಡುತ್ತಾರೆ. ಸರಿಯಾದ ದಾರಿ ಬೇರೆ: ಎಂಟಕ್ಕೆ ಒಟ್ಟು 2,048 ಗಂಟೆ, ಅದರಿಂದ ಆಗಲೇ ಕಳೆದುಹೋದ 500 ತೆಗೆದರೆ 1,548.

ಮೂರು, ಐದು, ಏಳು ಎಂಬಂಥ ಇಮ್ಮಡಿಯಲ್ಲದ ಸಂಖ್ಯೆಗಳಿಗೆ ಸೂತ್ರ ಬೇಕು. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಸಾಕು. ಏಳು ಬ್ಯಾಚಿನ ಸಂಚಿತ ಸರಾಸರಿಗೆ ಹೀಗೆ ಬರೆಯಬೇಕು:

```
=500*7^(LOG(0.8)/LOG(2))
```

ಉತ್ತರ 267 ಗಂಟೆಗಿಂತ ಚೂರು ಹೆಚ್ಚು. ಏಳರಿಂದ ಗುಣಿಸಿದರೆ ಸುಮಾರು 1,871. ಎಂಟರ ಒಟ್ಟು 2,048ರಿಂದ ಇದನ್ನು ಕಳೆದರೆ ಎಂಟನೇ ಬ್ಯಾಚ್ ಒಂದಕ್ಕೇ ಹಿಡಿಯುವುದು 177 ಗಂಟೆ. ಕಲಿಯುವುದೆಲ್ಲ ಅಲ್ಲಿಗೆ ಮುಗಿಯಿತು, ಇನ್ನು ವೇಗ ಏರುವುದಿಲ್ಲ ಎನಿಸಿದರೆ ಒಂಬತ್ತನೆಯದರಿಂದ ಮುಂದಕ್ಕೆ ಹಿಡಿಯಬೇಕಾದ್ದು ಈ 177ನ್ನೇ ಹೊರತು ಸರಾಸರಿ 256 ಅಲ್ಲ.

ಈಗ ಹಣದ ಮಾತು. ದುಡಿಮೆಗೆ ಗಂಟೆಗೆ 200 ರೂಪಾಯಿ, ಒಂದು ಬ್ಯಾಚಿನ ತಾಮ್ರ, ಸ್ವಿಚ್‌ಗೇರ್, ಶೀಟ್ ಮೆಟಲ್ ಎಲ್ಲ ಸೇರಿ 1,20,000 ರೂಪಾಯಿ ಎಂದಿರಲಿ. ಏಳು ಬ್ಯಾಚಿನ ದುಡಿಮೆ 3,09,600, ಸಾಮಗ್ರಿ 8,40,000, ಒಟ್ಟು 11,49,600 ರೂಪಾಯಿ. ಎಪ್ಪತ್ತು ಪ್ಯಾನೆಲ್‌ಗೆ ಹಂಚಿದರೆ ಒಂದಕ್ಕೆ ಸುಮಾರು 16,400. ಮೊದಲ ಬ್ಯಾಚಿನಲ್ಲಿ ಇದು 22,000 ಇತ್ತು. ಲಾಭ, ಬಾಡಿಗೆ, ಕರೆಂಟು ಇದರ ಮೇಲೆ.

ಸಾಮಗ್ರಿಯ ಲೆಕ್ಕವನ್ನು ಬೇರೆ ಇಟ್ಟಿದ್ದಕ್ಕೆ ಕಾರಣವಿದೆ. ಕೆಲಸಗಾರನ ಕೈ ಚುರುಕಾದರೆ ತಾಮ್ರದ ಬೆಲೆ ಇಳಿಯುವುದಿಲ್ಲ. ಮೊದಲ ಬ್ಯಾಚಿನ ಒಟ್ಟು ವೆಚ್ಚ 2,20,000ದ ಮೇಲೇ ಶೇ. 80 ಹಾಕಿ ನೋಡಿ. ಮೂರು ಇಮ್ಮಡಿ ದಾಟಿದಾಗ ಬ್ಯಾಚಿನ ಸರಾಸರಿ ವೆಚ್ಚ 1,12,640ಕ್ಕೆ ಬಂದು ನಿಲ್ಲುತ್ತದೆ. ಸಾಮಗ್ರಿಗೇ 1,20,000 ಬೇಕಲ್ಲ! ಮೊದಲ ಬ್ಯಾಚಿನಲ್ಲಿ ಹಾಳಾದ ವೈರು ಮುಂದೆ ಉಳಿಯಬಹುದು, ಹೆಚ್ಚು ಕೊಂಡಾಗ ರಿಯಾಯಿತಿಯೂ ಸಿಗಬಹುದು. ಆದರೆ ಅವನ್ನು ಪ್ರತ್ಯೇಕವಾಗಿಯೇ ಅಂದಾಜು ಮಾಡಬೇಕು. ಯಂತ್ರವೇ ವೇಗ ನಿರ್ಧರಿಸುವ ಕೆಲಸಕ್ಕೂ ಇದೇ ಮಾತು: ಪೌಡರ್ ಕೋಟಿಂಗ್ ಒಲೆಯೊಳಗೆ ಬಾಗಿಲು ಬೇಯುವ ಹೊತ್ತು ಎಂಟನೇ ಬ್ಯಾಚಿನಲ್ಲೂ ಅಷ್ಟೇ.

ಅದಿರಲಿ, ಶೇ. 80 ಎಂಬುದನ್ನು ಎಲ್ಲಿಂದ ತಂದೆವು? ಪಠ್ಯಪುಸ್ತಕದಿಂದ ತಂದಿದ್ದರೆ ಅಪಾಯ. ಅದು ವಿಮಾನಗಳ ಅನುಭವ. ನಮ್ಮ ಪ್ರಮಾಣ ತಿಳಿಯಬೇಕಾದರೆ ಎರಡನೇ ಬ್ಯಾಚಿನ ಗಂಟೆಗಳನ್ನು ನಿಷ್ಠೆಯಿಂದ ಬರೆದಿಡಬೇಕು. ಅದಕ್ಕೆ 340 ಗಂಟೆ ಹಿಡಿಯಿತೆನ್ನಿ. 340ನ್ನು 500ರಿಂದ ಭಾಗಿಸಿ ಶೇ. 68 ಎಂದು ಬೀಗಬಾರದು. ಎರಡರ ಸರಾಸರಿ 420, ಆದ್ದರಿಂದ ಪ್ರಮಾಣ ಶೇ. 84. ನಾಲ್ಕೇ ಅಂಶದ ವ್ಯತ್ಯಾಸ. ಆದರೆ ಈ ಪ್ರಮಾಣದಲ್ಲಿ ಉಳಿದ ಏಳು ಬ್ಯಾಚಿಗೆ 1,548ರ ಬದಲು ಸುಮಾರು 1,871 ಗಂಟೆ ಬೇಕು. 64,000 ರೂಪಾಯಿಗಿಂತ ಹೆಚ್ಚು ಹಣ ಕೈಬಿಡುತ್ತದೆ. ಸಣ್ಣ ಘಟಕದ ಇಡೀ ಲಾಭ ಅಷ್ಟೇ ಇದ್ದೀತು. ಗ್ರಾಹಕರು ಒಪ್ಪುವುದಾದರೆ ಮೊದಲು ಎರಡನೇ ಬ್ಯಾಚಿಗಷ್ಟೇ ದರ ಕೊಟ್ಟು, ಉಳಿದದ್ದಕ್ಕೆ ಆಮೇಲೆ ಕೊಡುವುದು ಜಾಣತನ.

ಬೇರೆಯವರು ಹೇಳಿದ ಪ್ರಮಾಣವನ್ನು ನಂಬುವ ಮುನ್ನ ಇನ್ನೊಂದು ವಿಚಾರಿಸಬೇಕು. ರೈಟ್ ನಂತರ ಜೆ. ಆರ್. ಕ್ರಾಫರ್ಡ್ ಎಂಬವರ ಹೆಸರಿನಲ್ಲಿ ಮತ್ತೊಂದು ಪದ್ಧತಿ ಬಂತು. ಅದರಲ್ಲಿ ಇಳಿಯುವುದು ಸರಾಸರಿಯಲ್ಲ, ಆಯಾ ಬ್ಯಾಚಿನದೇ ಗಂಟೆ. ಶೇ. 80 ಎಂದರೆ ಅಲ್ಲಿ ಎರಡನೇ ಬ್ಯಾಚಿಗೆ 400 ಗಂಟೆ, ರೈಟ್ ಲೆಕ್ಕದಲ್ಲಿ 300. ಎಂಟು ಬ್ಯಾಚಿನ ಒಟ್ಟು ಒಂದರಲ್ಲಿ 2,048, ಇನ್ನೊಂದರಲ್ಲಿ 2,673. ಒಬ್ಬರ ಪ್ರಮಾಣವನ್ನು ಇನ್ನೊಬ್ಬರ ಸೂತ್ರಕ್ಕೆ ಹಾಕಿದರೆ ಕೊಟೇಶನ್ ಕೆಟ್ಟಂತೆಯೇ.

ಕಲಿತದ್ದು ಕೈಯಲ್ಲೇ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನದಲ್ಲಿ ಇದು ನಡೆದುಹೋಯಿತು. 1970ರ ದಶಕದಲ್ಲಿ ಬೇಡಿಕೆ ಕುಗ್ಗಿ ತಯಾರಿಕೆ ಇಳಿದಾಗ, ಅಲ್ಲಿಯವರೆಗೆ ಇಳಿಯುತ್ತಿದ್ದ ಪ್ರತಿ ವಿಮಾನದ ದುಡಿಮೆಯ ಗಂಟೆಗಳು ಮತ್ತೆ ಮೇಲೇರಿದವು. 250 ವಿಮಾನ ಕಟ್ಟಿ ನಷ್ಟದಲ್ಲೇ ಅದನ್ನು ನಿಲ್ಲಿಸಿದರು. ನಮ್ಮ ಘಟಕದಲ್ಲೂ ಎಂಟನೇ ಬ್ಯಾಚಾದ ಮೇಲೆ ಆರು ತಿಂಗಳು ಆರ್ಡರ್ ಇಲ್ಲದೆ ನುರಿತ ಇಬ್ಬರು ವೈರ್‌ಮನ್‌ಗಳು ಬೇರೆಡೆ ಹೋದರೆ ಒಂಬತ್ತನೆಯದಕ್ಕೆ 177 ಗಂಟೆ ಬರೆಯುವಂತಿಲ್ಲ. ಅಂದಾಜು ಮಾಡುವವರು ಆಗ ರೇಖೆಯ ಮೇಲೆ ಕೆಲವು ಹೆಜ್ಜೆ ಹಿಂದೆ ಸರಿಯುತ್ತಾರೆ. ಉದಾಹರಣೆಗೆ ನಾಲ್ಕನೇ ಬ್ಯಾಚಿಗೆ ಹಿಡಿದಿದ್ದ 227 ಗಂಟೆಯಿಂದ ಹೊಸ ಆರ್ಡರಿನ ಲೆಕ್ಕ ಶುರುಮಾಡುತ್ತಾರೆ. ಎಷ್ಟು ಹೆಜ್ಜೆ ಹಿಂದೆ ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ. ವೈರ್ ಅಳತೆಯ ಪಟ್ಟಿ ಫೈಲಿನಲ್ಲಿದೆಯೇ ಅಥವಾ ಬಿಟ್ಟುಹೋದವರ ತಲೆಯಲ್ಲಷ್ಟೇ ಇತ್ತೇ ಎಂದು ಶಾಪ್‌ಫ್ಲೋರಿಗೆ ಇಳಿದು ಸೂಪರ್‌ವೈಸರನ್ನೇ ಕೇಳಬೇಕು.