ಓಡುವ ಗಾಡಿ, ನಿಚ್ಚಳ ಚಕ್ರ: ಮುಖಪುಟದ ಒಂದು ಚಿತ್ರದ ಲೆಕ್ಕಾಚಾರ

ದ್ವಿಚಕ್ರ ವಾಹನಗಳ ಚಕ್ರ, ಬ್ರೇಕ್ ಡಿಸ್ಕ್, ಟೈರ್ ಮುಂತಾದವನ್ನು ತಯಾರಿಸುವ ಅಥವಾ ಮಾರುವ ಸಣ್ಣ ಉದ್ಯಮಿಗಳು ತಮ್ಮ ಕ್ಯಾಟಲಾಗಿನ ಮುಖಪುಟಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ಚಿತ್ರವನ್ನು ಬಯಸುತ್ತಾರೆ. ಕ್ಯಾಮೆರಾ ನೆಲಮಟ್ಟದಲ್ಲಿರಬೇಕು. ಮೋಟಾರ್‌ಬೈಕ್ ನೋಡುವವರ ಮೇಲೆಯೇ ಬಂದಂತೆ ದೊಡ್ಡದಾಗಿ ಕಾಣಬೇಕು. ಹಿನ್ನೆಲೆಯ ಮರಗಿಡಗಳೂ ರಸ್ತೆಯೂ ವೇಗದಿಂದ ಗೆರೆಗೆರೆಯಾಗಿ ಹಿಂದೆ ಸರಿಯಬೇಕು. ಆದರೆ ಚಕ್ರದ ಕಡ್ಡಿ, ಡಿಸ್ಕಿನ ರಂಧ್ರ, ಟೈರಿನ ಅಚ್ಚು ಎಲ್ಲವೂ ಎಣಿಸಬಹುದಾದಷ್ಟು ಸ್ಪಷ್ಟವಾಗಿರಬೇಕು. ಛಾಯಾಗ್ರಾಹಕರಿಗೆ ಕೊಡುವ ಈ ಬೇಡಿಕೆ ಕೇಳಲು ಸರಳವಾಗಿದೆ. ಆದರೆ ನಿಜವಾಗಿ ಓಡುತ್ತಿರುವ ಬೈಕಿನಿಂದ, ಹಗಲು ಬೆಳಕಿನಲ್ಲಿ, ಒಂದೇ ಕ್ಲಿಕ್ಕಿನಲ್ಲಿ ಇದು ದೊರೆಯುವುದಿಲ್ಲ. ಈ ಸಂಗತಿ ತಿಳಿಯದೆ ಕೆಲಸ ಒಪ್ಪಿಸಿದವರು ಒಂದು ದಿನದ ಚಿತ್ರೀಕರಣದ ವೆಚ್ಚವನ್ನೂ, ಕೆಲವೊಮ್ಮೆ ಮುದ್ರಣದ ವೆಚ್ಚವನ್ನೂ ಕಳೆದುಕೊಳ್ಳುತ್ತಾರೆ.

ಅಡ್ಡಿ ಎಲ್ಲಿದೆ?

ಓಡುವ ವಾಹನದ ಚಿತ್ರಕ್ಕೆ ರೂಢಿಯಲ್ಲಿರುವ ವಿಧಾನ ಪ್ಯಾನಿಂಗ್. ರಸ್ತೆಯ ಪಕ್ಕದಲ್ಲಿ ನಿಂತ ಛಾಯಾಗ್ರಾಹಕರು ಬೈಕ್ ಹಾದುಹೋಗುವಾಗ ಕ್ಯಾಮೆರಾವನ್ನು ಅದರ ಜೊತೆಜೊತೆಗೇ ತಿರುಗಿಸುತ್ತ ನಿಧಾನವಾದ ಷಟರ್‌ನಲ್ಲಿ ಚಿತ್ರ ತೆಗೆಯುತ್ತಾರೆ. ಕ್ಯಾಮೆರಾದ ಪಾಲಿಗೆ ಬೈಕ್ ನಿಂತಂತಾಗಿ, ಹಿನ್ನೆಲೆ ಓಡಿದಂತಾಗುತ್ತದೆ. ಇಂಧನ ಟ್ಯಾಂಕು, ಆಸನ, ಮುಂದಿನ ಫೋರ್ಕು ಸ್ಪಷ್ಟವಾಗಿ ಬರುತ್ತವೆ. ಚಕ್ರ ಮಾತ್ರ ಹಾಗಲ್ಲ. ಅದು ಬೈಕಿನೊಡನೆ ಮುಂದೆ ಸಾಗುವುದಲ್ಲದೆ ತನ್ನ ಅಚ್ಚಿನ ಸುತ್ತಲೂ ತಿರುಗುತ್ತಿರುತ್ತದೆ.

ಒಂದು ಲೆಕ್ಕ ನೋಡಬಹುದು. 17 ಅಂಗುಲದ ರಿಮ್ಮಿನ ಮೇಲೆ 100/80 ಅಳತೆಯ ಟೈರ್ ಇದ್ದರೆ ಚಕ್ರದ ಒಟ್ಟು ವ್ಯಾಸ ಸುಮಾರು 59 ಸೆಂಟಿಮೀಟರ್, ಸುತ್ತಳತೆ ಸುಮಾರು 1.86 ಮೀಟರ್. ಬೈಕ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 11.1 ಮೀಟರ್ ಕ್ರಮಿಸುತ್ತದೆ, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 6 ಸುತ್ತು ತಿರುಗುತ್ತದೆ. ಷಟರ್ ಸೆಕೆಂಡಿನ 60ನೇ ಒಂದು ಭಾಗದಷ್ಟು ತೆರೆದಿದ್ದರೆ ಅಷ್ಟರಲ್ಲಿ ರಸ್ತೆ 18.5 ಸೆಂಟಿಮೀಟರ್ ಹಿಂದೆ ಸರಿದಿರುತ್ತದೆ. ಹಿನ್ನೆಲೆಯಲ್ಲಿ ಸೊಗಸಾದ ಗೆರೆಗಳು ಮೂಡುವುದು ಇದರಿಂದಲೇ. ಆದರೆ ಟೈರಿನ ಹೊರಮೈಯೂ ಅಷ್ಟೇ ಹೊತ್ತಿನಲ್ಲಿ ಅಷ್ಟೇ 18.5 ಸೆಂಟಿಮೀಟರ್ ತಿರುಗಿರುತ್ತದೆ, ಚಕ್ರ 36 ಡಿಗ್ರಿ ಹೊರಳಿರುತ್ತದೆ. ಐದು ಕಡ್ಡಿಗಳ ಅಲಾಯ್ ಚಕ್ರದಲ್ಲಿ ಕಡ್ಡಿಯಿಂದ ಕಡ್ಡಿಗೆ 72 ಡಿಗ್ರಿ ಅಂತರವಿರುವುದರಿಂದ ಪ್ರತಿಯೊಂದು ಕಡ್ಡಿಯೂ ಅರ್ಧ ಅಂತರದಷ್ಟು ಹರಡಿಕೊಂಡು ಮಸುಕಾಗುತ್ತದೆ.

ಷಟರ್ ವೇಗವನ್ನು ಸೆಕೆಂಡಿನ 1000ನೇ ಭಾಗಕ್ಕೆ ಏರಿಸಿದರೆ ಟೈರಿನ ಚಲನೆ 1.1 ಸೆಂಟಿಮೀಟರಿಗೆ ಇಳಿಯುತ್ತದೆ, ಆದರೆ ಹಿನ್ನೆಲೆಯ ಚಲನೆಯೂ ಅಷ್ಟಕ್ಕೇ ಇಳಿದು ಬೈಕ್ ನಿಂತಂತೆ ಕಾಣುತ್ತದೆ. ಉರುಳುವ ಚಕ್ರವೂ ಅದರ ಕೆಳಗಿನ ರಸ್ತೆಯೂ ಒಂದೇ ಅಳತೆಯಲ್ಲಿ ಸರಿಯುವುದರಿಂದ, ಒಂದನ್ನು ಮಸುಕಾಗಿಸಿ ಇನ್ನೊಂದನ್ನು ಸ್ಪಷ್ಟವಾಗಿಡುವ ಷಟರ್ ವೇಗವೇ ಇಲ್ಲ. ದುಬಾರಿ ಕ್ಯಾಮೆರಾ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಮುಕ್ಕಾಲು ಮುಂಭಾಗದ ಕೋನದಲ್ಲಿ, ಎಂದರೆ ಬೈಕ್ ಓರೆಯಾಗಿ ಕ್ಯಾಮೆರಾದತ್ತ ಬರುವಂತೆ ಚಿತ್ರ ಬೇಕಾದಾಗ ಇನ್ನೊಂದು ತೊಡಕು ಸೇರುತ್ತದೆ. ಷಟರ್ ತೆರೆದಿರುವಾಗಲೇ ಬೈಕ್ ಹತ್ತಿರವಾಗುತ್ತ ಗಾತ್ರದಲ್ಲಿ ಹಿಗ್ಗುವುದರಿಂದ ಪ್ಯಾನಿಂಗ್‌ನಲ್ಲಿ ಅದರ ಒಂದು ಭಾಗ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. ಆದ್ದರಿಂದ ಪ್ಯಾನಿಂಗ್ ನೇರ ಪಕ್ಕದ ನೋಟಕ್ಕೆ ಹೆಚ್ಚು ಒಗ್ಗುತ್ತದೆ.

ಫ್ಲ್ಯಾಶ್‌ನಿಂದ ಆಗುವುದೆಷ್ಟು?

ಫ್ಲ್ಯಾಶ್ ಬಳಸಿ ಚಕ್ರವನ್ನು ನಿಲ್ಲಿಸುವ ಉಪಾಯವೊಂದಿದೆ. ಚಿಕ್ಕ ಫ್ಲ್ಯಾಶ್‌ನ ಶಕ್ತಿಯನ್ನು ತಗ್ಗಿಸಿದಾಗ ಅದರ ಮಿಂಚು ಸೆಕೆಂಡಿನ 5000ನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಇರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಟೈರ್ ಸುಮಾರು ಒಂದು ಮಿಲಿಮೀಟರ್ ಮಾತ್ರ ತಿರುಗುತ್ತದೆ. ಮುಸ್ಸಂಜೆಯಲ್ಲಿ ಷಟರನ್ನು ನಿಧಾನವಾಗಿರಿಸಿ, ಅದು ಮುಚ್ಚುವ ಮುನ್ನ ಮಿಂಚು ಬರುವಂತೆ ಹೊಂದಿಸಿದರೆ ಕಡ್ಡಿಗಳು ಎದ್ದು ಕಾಣುತ್ತವೆ. ಆದರೆ ಸಂಜೆಯ ಬೆಳಕಿನಲ್ಲಿ ದಾಖಲಾದ ಮಸುಕು ಅವುಗಳ ಹಿಂದೆ ನೆರಳಿನಂತೆ ಉಳಿದೇ ಇರುತ್ತದೆ. ಹೊಳಪು ಲೋಹದ ಮೇಲೆ ಬಿಳಿ ಕಲೆಗಳೂ ಬೀಳುತ್ತವೆ. ಮಿಂಚು ಸವಾರನ ಕಣ್ಣಿಗೆ ಬಿದ್ದರೆ ಅಪಾಯ. ಟೈರ್ ಅಂಗಡಿಯ ಭಿತ್ತಿಚಿತ್ರಕ್ಕೆ ಇದು ಸಾಕಾಗಬಹುದು. ತನ್ನ ಚಕ್ರದ ಮೇಲ್ಮೈ ತೋರಿಸಿ ಆರ್ಡರ್ ಪಡೆಯಬೇಕಾದ ತಯಾರಕನಿಗೆ ಸಾಲದು.

ಒಂದು ಘಟಕದ ಉದಾಹರಣೆ

ಬೆಂಗಳೂರಿನ ಪೀಣ್ಯದಲ್ಲಿ ಅಲಾಯ್ ಚಕ್ರ ತಯಾರಿಸುವ ಒಂದು ಸಣ್ಣ ಘಟಕವಿದೆ ಎಂದು ಭಾವಿಸೋಣ. ವಸ್ತುಪ್ರದರ್ಶನವೊಂದಕ್ಕೆ ಎ4 ಅಳತೆಯ ಕ್ಯಾಟಲಾಗು ಸಿದ್ಧವಾಗಬೇಕು, ಮುಖಪುಟಕ್ಕೆ ಮೇಲೆ ಹೇಳಿದ ಚಿತ್ರ ಬೇಕು. ಇಲ್ಲಿ ಸರಿಯಾದ ದಾರಿಯೆಂದರೆ ಬೈಕನ್ನು ನಿಲ್ಲಿಸಿ ಒಂದು ಚಿತ್ರ, ಚಲನೆಗಾಗಿ ಇನ್ನೊಂದು ಚಿತ್ರ ತೆಗೆದು ಅವೆರಡನ್ನೂ ಗಣಕದಲ್ಲಿ ಜೋಡಿಸುವುದು.

ಕಾರ್ಖಾನೆಯ ಹಿಂದಿನ ಸಮತಟ್ಟಾದ ಕಾಂಕ್ರೀಟ್ ಅಂಗಳವೇ ಸ್ಥಳ. ಬಿಸಿಲು ಏರುವ ಮುನ್ನ ಅಥವಾ ತೆಳು ಮೋಡವಿದ್ದಾಗ ಕೆಲಸ ಆರಂಭಿಸಬೇಕು, ಎರಡೂ ಚಿತ್ರಗಳಲ್ಲಿ ಬೆಳಕು ಒಂದೇ ಬಗೆಯದಾಗಿರಬೇಕಾದುದು ಮುಖ್ಯ. ಕ್ಯಾಮೆರಾದ ಎತ್ತರ ನೆಲದಿಂದ ಸುಮಾರು 30 ಸೆಂಟಿಮೀಟರ್, ಅಂದರೆ ಚಕ್ರದ ಅಚ್ಚಿನ ಮಟ್ಟ. ಕೆಳಗಿನಿಂದ ತೆಗೆದಾಗ ಬೈಕ್ ಗಂಭೀರವಾಗಿ ಕಾಣುತ್ತದೆಂದು ತೀರ ಹತ್ತಿರ ಹೋಗಿ ಅಗಲ ಕೋನದ ಲೆನ್ಸ್ ಬಳಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಚೌಕಟ್ಟಿನ ಅಂಚಿನಲ್ಲಿ ಬರುವ ಮುಂದಿನ ಚಕ್ರ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಚಕ್ರ ಮಾರುವವನ ಕ್ಯಾಟಲಾಗಿನಲ್ಲಿ ಚಕ್ರವೇ ಡೊಂಕಾಗಿ ಕಾಣಬಾರದು. ನಾಲ್ಕೈದು ಮೀಟರ್ ಹಿಂದೆ ಸರಿದು 70ರಿಂದ 85 ಮಿಲಿಮೀಟರ್ ಲೆನ್ಸ್ ಬಳಸಿದರೆ ಕೆಳಗಿನ ಕೋನದ ಘನತೆಯೂ ಉಳಿಯುತ್ತದೆ, ಚಕ್ರದ ಆಕಾರವೂ ಉಳಿಯುತ್ತದೆ.

ಬೈಕನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಕೂಡದು, ವಾಲಿರುವುದು ಗೊತ್ತಾಗಿಬಿಡುತ್ತದೆ. ನಡು ಸ್ಟ್ಯಾಂಡಿನಲ್ಲಿ ಒಂದು ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಹೆಲ್ಮೆಟ್ ಧರಿಸಿದ ಸವಾರ ಪಾದಗಳನ್ನು ಮೇಲಿಟ್ಟು ಕುಳಿತು, ಕ್ಯಾಮೆರಾಕ್ಕೆ ಕಾಣದ ಬದಿಯಿಂದ ಒಬ್ಬರು ಹಿಡಿದುಕೊಂಡರೆ ಸಸ್ಪೆನ್ಷನ್ ಸಹಜವಾಗಿ ತಗ್ಗಿ ಬೈಕ್ ಓಡುವಾಗಿನ ಭಂಗಿಯಲ್ಲಿರುತ್ತದೆ. ಹಿಡಿದವರ ಕಾಲುಗಳು ಕಂಡರೆ ಅವನ್ನು ಜೋಡಣೆಯ ವೇಳೆ ಅಳಿಸಬಹುದು. ಈ ಸ್ಥಿತಿಯಲ್ಲಿ ಚಕ್ರ, ಡಿಸ್ಕು, ಟೈರುಗಳ ಸ್ಪಷ್ಟ ಚಿತ್ರ ತೆಗೆದುಕೊಳ್ಳಬೇಕು.

ಅನಂತರ ಬೈಕನ್ನು ಸರಿಸಿ ಅದೇ ಅಂಗಳದಲ್ಲಿ, ಅದೇ ಲೆನ್ಸಿನಿಂದ, ಅದೇ ಎತ್ತರದಲ್ಲಿ ಚಲನೆಯ ಚಿತ್ರ. ಇದಕ್ಕೆ ನಾಲ್ಕು ಚಕ್ರದ ಒಂದು ತಗ್ಗು ಟ್ರಾಲಿ ಸಾಕು. ಕ್ಯಾಮೆರಾವನ್ನು ಅದಕ್ಕೆ ಬಿಗಿದು ನಡಿಗೆಯ ವೇಗದಲ್ಲಿ ತಳ್ಳಿದರೆ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತದೆ. ಷಟರ್ ಕಾಲು ಸೆಕೆಂಡ್ ತೆರೆದಿದ್ದರೆ ನೆಲ 35 ಸೆಂಟಿಮೀಟರ್ ಸರಿದು ಗಂಟೆಗೆ 40 ಕಿಲೋಮೀಟರಿನ ಪ್ಯಾನಿಂಗ್‌ಗಿಂತಲೂ ಉದ್ದದ ಗೆರೆಗಳು ಮೂಡುತ್ತವೆ. ಹಗಲಿನಲ್ಲಿ ಅಷ್ಟು ಹೊತ್ತು ಷಟರ್ ತೆರೆದಿಡಲು ಬೆಳಕನ್ನು ತಗ್ಗಿಸುವ ಕಪ್ಪು ಫಿಲ್ಟರ್ ಲೆನ್ಸಿನ ಮುಂದಿರಬೇಕು. ನೆಲ ಉಬ್ಬುತಗ್ಗಾಗಿದ್ದರೆ ಗೆರೆಗಳು ಅಲೆಯಾಗುತ್ತವೆ. ಆದ್ದರಿಂದ ಹತ್ತಿಪ್ಪತ್ತು ಬಾರಿ ತೆಗೆದು ನೇರವಾದುದನ್ನು ಆರಿಸಬೇಕು.

ಟ್ರಾಲಿ ಚಲಿಸುವ ದಿಕ್ಕು ಬೈಕ್ ಮುಖಮಾಡಿದ್ದ ದಿಕ್ಕೇ ಆಗಿರಬೇಕೆಂಬುದನ್ನು ಮರೆಯುವಂತಿಲ್ಲ. ಬೈಕ್ ನಿಂತಿದ್ದಲ್ಲಿ ಸೀಮೆಸುಣ್ಣದ ಒಂದು ಗೆರೆ ಎಳೆದು ಅದಕ್ಕೆ ಸಮಾನಾಂತರವಾಗಿ ಟ್ರಾಲಿ ತಳ್ಳಿದರೆ ಈ ಹೊಂದಾಣಿಕೆ ತಪ್ಪುವುದಿಲ್ಲ.

ಜೋಡಣೆಯಲ್ಲಿ ಗಮನಿಸಬೇಕಾದುದು

ಪೂರ್ತಿ ನಿಶ್ಚಲವಾದ ಚಕ್ರವನ್ನು ಓಡುವ ರಸ್ತೆಯ ಮೇಲಿಟ್ಟರೆ ಬ್ರೇಕ್ ಹಿಡಿದು ಜಾರುತ್ತಿರುವ ಬೈಕಿನಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಟೈರಿನ ಹೊರ ಅಂಚಿಗೆ ನಾಲ್ಕೈದು ಡಿಗ್ರಿಯಷ್ಟು ತಿರುಗುವಿಕೆಯ ಮಸುಕು ಕೊಟ್ಟು, ಒಳಗಿನ ಕಡ್ಡಿ, ಹಬ್ಬು, ಡಿಸ್ಕುಗಳನ್ನು ಸ್ಪಷ್ಟವಾಗಿ ಬಿಡುವುದು ವಾಡಿಕೆ. ನಿಜ ಚಕ್ರದಲ್ಲೂ ಅಂಚು ಹೆಚ್ಚು ದೂರ, ನಡು ಕಡಿಮೆ ದೂರ ತಿರುಗುವುದರಿಂದ ಕಣ್ಣು ಇದನ್ನು ಒಪ್ಪಿಕೊಳ್ಳುತ್ತದೆ. ಫೋರ್ಕಿಗೆ ಬಿಗಿದ ಬ್ರೇಕ್ ಕ್ಯಾಲಿಪರ್ ತಿರುಗುವುದಿಲ್ಲ. ಅದರ ಮೇಲೆ ಮಸುಕು ಬಿದ್ದಿದ್ದರೆ ಕೆಲಸ ಅವಸರದ್ದೆಂದು ತಿಳಿಯಬೇಕು.

ಚಿತ್ರ ಕೈಸೇರಿದಾಗ ತಯಾರಕರೇ ಇನ್ನೆರಡು ಅಂಶಗಳನ್ನು ಪರೀಕ್ಷಿಸಬಹುದು. ಮೊದಲನೆಯದು ಗೆರೆಗಳ ದಿಕ್ಕು. ಬೈಕ್ ಓರೆಯಾಗಿದ್ದು ಗೆರೆಗಳು ಅಡ್ಡಡ್ಡವಾಗಿ ಸಾಗಿದ್ದರೆ ಬೈಕ್ ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ. ಟ್ರಾಲಿಯ ಚಿತ್ರ ತೆಗೆಯದೆ ಗಣಕದಲ್ಲಿಯೇ ಹಿನ್ನೆಲೆಯನ್ನು ಮಸುಕಾಗಿಸಿದಾಗ ಹೆಚ್ಚಾಗಿ ಆಗುವ ದೋಷವಿದು. ಎರಡನೆಯದು ಟೈರು ನೆಲ ಮುಟ್ಟುವ ಜಾಗ. ಅಲ್ಲಿನ ನೆರಳು ಬೈಕಿನೊಡನೆಯೇ ಸಾಗುವುದರಿಂದ ಸ್ಪಷ್ಟವಾಗಿರಬೇಕು, ನೆಲದ ಕಣಗಳು ಮಾತ್ರ ಗೆರೆಯಾಗಿರಬೇಕು. ನೆರಳಿಲ್ಲದಿದ್ದರೆ ಬೈಕ್ ಗಾಳಿಯಲ್ಲಿ ತೇಲಿದಂತಿರುತ್ತದೆ.

ಎರಡು ಚಿತ್ರಗಳ ಜೋಡಣೆ ಮೋಸವಲ್ಲ, ಅದು ಚಲನೆಯನ್ನು ಸೂಚಿಸುವ ರೀತಿ ಮಾತ್ರ. ಆದರೆ ಅದೇ ಗಣಕದಲ್ಲಿ ಎರಕದ ಗುರುತುಗಳನ್ನು ಅಳಿಸಿ, ಇಲ್ಲದ ಹೊಳಪು ತುಂಬಿದರೆ ವಿಷಯ ಬೇರೆಯಾಗುತ್ತದೆ. ಚಿತ್ರ ನಂಬಿ ಆರ್ಡರ್ ಕೊಟ್ಟ ಖರೀದಿದಾರ ಸರಕು ಬಂದಾಗ ಅದನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಪೆಟ್ಟಿಗೆಯಿಂದ ತೆಗೆದ ಮಾದರಿ ಚಕ್ರ ಹೇಗಿದೆಯೋ ಮುಖಪುಟದಲ್ಲಿಯೂ ಹಾಗೆಯೇ ಇರಬೇಕು.

ಕರಾರಿನಲ್ಲಿ ಬರೆಯಬೇಕಾದ ಮಾತು

ಮೇಲಿನ ಘಟಕ ಛಾಯಾಗ್ರಾಹಕರಿಗೆ ಕೊಡುವ ಆದೇಶಪತ್ರದಲ್ಲಿ “ವೇಗ ಕಾಣುವ ಒಳ್ಳೆಯ ಚಿತ್ರ” ಎಂದಷ್ಟೇ ಬರೆದರೆ ಮಸುಕಾದ ಚಕ್ರದ ಪ್ಯಾನಿಂಗ್ ಚಿತ್ರ ಬಂದಾಗ ತಕರಾರು ಹೇಳಲು ಆಧಾರವಿರುವುದಿಲ್ಲ. ನಿಂತ ಬೈಕಿನ ಚಿತ್ರ, ಚಲನೆಯ ಚಿತ್ರ, ಜೋಡಣೆ ಈ ಮೂರಕ್ಕೂ ದರ ಪ್ರತ್ಯೇಕವಾಗಿ ನಮೂದಾಗಬೇಕು. ಸ್ಪಷ್ಟವಾಗಿರಲೇಬೇಕಾದ ಭಾಗಗಳ ಹೆಸರು ಇರಬೇಕು. ಜೋಡಿಸುವ ಮುನ್ನಿನ ಮೂಲ ಚಿತ್ರಗಳನ್ನೂ ಒಪ್ಪಿಸಬೇಕೆಂದು ಬರೆಯಬೇಕು. ನಿಂತ ಬೈಕಿನ ಚಿತ್ರ ಕೈಯಲ್ಲಿದ್ದರೆ ಮುಂದೆ ಹಿನ್ನೆಲೆ ಬದಲಿಸಲು ಮತ್ತೊಮ್ಮೆ ಚಿತ್ರೀಕರಣ ಬೇಕಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ಅದನ್ನು ತೆಗೆಸಿದವರೇ, ಆದರೆ ಅದಕ್ಕೆ ವಿರುದ್ಧವಾದ ಒಪ್ಪಂದ ಇರಬಾರದು. ಆದ್ದರಿಂದ ಛಾಯಾಗ್ರಾಹಕರ ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಷರತ್ತುಗಳನ್ನು ಸಹಿ ಹಾಕುವ ಮುನ್ನ ಓದಿಕೊಳ್ಳುವುದು ಲೇಸು.