ಮೂರು ತಿಂಗಳ ಮಾವು, ಹನ್ನೆರಡು ತಿಂಗಳ ಖರ್ಚು: ನಗದು ಬಜೆಟ್ ಹಾಕೋದು ಹೇಗೆ?

ಮಾವಿನ ತೋಟದಲ್ಲಿ ದುಡ್ಡು ಬರೋದು ಮೇ, ಜೂನ್, ಜುಲೈ ತಿಂಗಳಲ್ಲಿ ಮಾತ್ರ. ಉಳಿದ ಒಂಬತ್ತು ತಿಂಗಳು ಹೋಗೋದೇ ಕೆಲಸ. ಕೋಲಾರ, ಶ್ರೀನಿವಾಸಪುರ ಕಡೆಯ ಬಹಳಷ್ಟು ತೋಟಗಳು ಜನವರಿಯಲ್ಲಿ, ಮರ ಹೂ ಬಿಟ್ಟಿರುವಾಗಲೇ ಗುತ್ತಿಗೆದಾರರ ಕೈ ಸೇರುತ್ತವೆ. ಎಲ್ಲರಿಗೂ ಆ ರೇಟು ಒಪ್ಪಿಗೆಯಾಗಿ ಕೊಡ್ತಾರೆ ಅಂತಲ್ಲ. ಕೈಯಲ್ಲಿ ಕಾಸು ಮುಗೀತಾ ಬಂದಿರುತ್ತೆ, ಮುಂದೆ ಎಷ್ಟು ಬೇಕಾಗುತ್ತೆ ಅನ್ನೋ ಲೆಕ್ಕ ಇರಲ್ಲ, ಎದುರಿಗೆ ಯಾರೋ ಅಡ್ವಾನ್ಸ್ ಹಿಡಿದು ನಿಂತಿರ್ತಾರೆ. ಈ ವಾರ ನೋಡೋಣ, ಆ ಲೆಕ್ಕವನ್ನು ಆಗಸ್ಟ್‌ನಲ್ಲೇ ಹಾಕಿಟ್ಟುಕೊಳ್ಳೋದು ಹೇಗೆ ಅಂತ.

ಲಾಭದ ಲೆಕ್ಕ ಬೇರೆ, ನಗದಿನ ಲೆಕ್ಕ ಬೇರೆ

ವರ್ಷದ ಆದಾಯದಿಂದ ವರ್ಷದ ಖರ್ಚು ಕಳೆದರೆ ಲಾಭ ಗೊತ್ತಾಗುತ್ತೆ. ಆದರೆ ಏಪ್ರಿಲ್‌ನಲ್ಲಿ ಕವರ್ ಕಟ್ಟೋ ಆಳುಗಳಿಗೆ ಕೂಲಿ ಕೊಡೋಕೆ ಕೈಯಲ್ಲಿ ಹಣ ಇರುತ್ತಾ ಅನ್ನೋದು ಅದರಿಂದ ಗೊತ್ತಾಗಲ್ಲ. ನಗದು ಬಜೆಟ್‌ಗೆ ಇರೋದು ಒಂದೇ ನಿಯಮ: ಹಣ ನಿಜವಾಗಿ ಕೈಗೆ ಬರುವ ಅಥವಾ ಕೈಯಿಂದ ಹೋಗುವ ತಿಂಗಳಲ್ಲೇ ಬರೀಬೇಕು. ಮೇ 20ಕ್ಕೆ ಮಂಡಿಗೆ ಹಣ್ಣು ಹಾಕಿ, ದುಡ್ಡು ಜೂನ್ 10ಕ್ಕೆ ಬಂದರೆ ಅದು ಜೂನ್ ಲೆಕ್ಕ. ಮಂಡಿಯ ಚೀಟಿ ಕೈಲಿದೆ ಅಂತ ಮೇ ತಿಂಗಳಲ್ಲಿ ಬರೆದುಕೊಂಡರೆ ಇಡೀ ಬಜೆಟ್ ಸುಳ್ಳಾಗುತ್ತೆ.

ಇನ್ನೊಂದು ವಿಷಯ. ಮನೆ ಖರ್ಚನ್ನೂ ಇದೇ ಹಾಳೆಯಲ್ಲಿ ಬರೀರಿ. ತೋಟದ ಲೆಕ್ಕ ಬೇರೆ ಇಡಬೇಕು ಅನ್ನೋದು ಲಾಭ ನೋಡುವಾಗ ಸರಿ. ಆದರೆ ಜೇಬು ಒಂದೇ ಆದಾಗ, ಮಕ್ಕಳ ಫೀಸು ಹೋದ ಮೇಲೆ ಉಳಿದದ್ದೇ ತಾನೇ ಬೇವಿನೆಣ್ಣೆಗೆ?

ವರ್ಷ ಆಗಸ್ಟ್‌ನಿಂದ ಶುರು ಮಾಡಿ

ಏಪ್ರಿಲ್ ಅಥವಾ ಜನವರಿಯಿಂದ ಶುರು ಮಾಡಬೇಡಿ. ಕೊಯ್ಲು ಮುಗಿದು, ಬಾಕಿಯೆಲ್ಲ ವಸೂಲಾಗಿ, ಹಳೆ ಸಾಲ ಕಟ್ಟಿದ ಮೇಲೆ ಕೈಯಲ್ಲಿ ಏನು ಉಳಿಯುತ್ತೋ ಅದೇ ನಿಮ್ಮ ಆರಂಭದ ಹಣ. ಮಾವಿಗೆ ಅದು ಆಗಸ್ಟ್ 1.

ಕಳೆದ ವರ್ಷ ಯಾವ ತಿಂಗಳು ಎಷ್ಟು ಹೋಯ್ತು ಅನ್ನೋದು ನೆನಪಿಲ್ಲದಿದ್ದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಆ್ಯಪ್‌ನ ಹಿಸ್ಟರಿ ತೆಗೆದು ತಿಂಗಳುವಾರು ನೋಡಿ. ಗೊಬ್ಬರದಂಗಡಿ, ಡೀಸೆಲ್, ಫೀಸು ಎಲ್ಲ ಅಲ್ಲಿ ಸಿಗುತ್ತೆ. ಕೂಲಿ ಮಾತ್ರ ಹೆಚ್ಚಾಗಿ ನಗದಿನಲ್ಲೇ ಹೋಗೋದರಿಂದ ಅಲ್ಲಿ ಕಾಣಲ್ಲ. ಅದನ್ನು ಎಷ್ಟು ಆಳು, ಎಷ್ಟು ದಿನ ಅಂತ ಲೆಕ್ಕ ಹಾಕಿ ಸೇರಿಸಿ.

ಒಂದು ಉದಾಹರಣೆ

ನಾಲ್ಕು ಎಕರೆ, 160 ಮರ, ಸಾವಯವ ತೋಟ ಅಂತ ಇಟ್ಟುಕೊಳ್ಳಿ. ಒಳ್ಳೆ ಫಸಲಿನಲ್ಲಿ 14 ಟನ್ ಹಣ್ಣು, ಸರಾಸರಿ ಕಿಲೋಗೆ 40 ರೂಪಾಯಿ, ಒಟ್ಟು 5,60,000. ಮನೆ ಖರ್ಚು ತಿಂಗಳಿಗೆ 15,000. ಆಗಸ್ಟ್ 1ಕ್ಕೆ ಕೈಯಲ್ಲಿರೋದು 2,60,000. ಇವು ಲೆಕ್ಕ ಕಲಿಯೋಕೆ ಹಾಕಿದ ಅಂಕಿಗಳು, ನಿಮ್ಮ ಊರಿನ ಕೂಲಿ, ರೇಟು ಹಾಕಿಕೊಳ್ಳಿ.

| ತಿಂಗಳು | ಬಂದದ್ದು | ಹೋದದ್ದು | ಉಳಿಕೆ |
|---|---|---|---|
| ಆಗಸ್ಟ್ (ಸವರುವಿಕೆ) | 0 | 35,000 | 2,25,000 |
| ಸೆಪ್ಟೆಂಬರ್ (ಗೊಬ್ಬರ, ಬೇವಿನ ಹಿಂಡಿ) | 0 | 55,000 | 1,70,000 |
| ಅಕ್ಟೋಬರ್ (ಉಳುಮೆ, ಹಬ್ಬ) | 0 | 33,000 | 1,37,000 |
| ನವೆಂಬರ್ (ಬೇವಿನೆಣ್ಣೆ ಖರೀದಿ) | 0 | 21,000 | 1,16,000 |
| ಡಿಸೆಂಬರ್ (ಸಿಂಪಡಣೆ) | 0 | 22,000 | 94,000 |
| ಜನವರಿ (ಎರಡು ಸಿಂಪಡಣೆ, ಎರಡನೇ ಕಂತಿನ ಫೀಸು) | 0 | 44,000 | 50,000 |
| ಫೆಬ್ರವರಿ (ಸಿಂಪಡಣೆ) | 0 | 22,000 | 28,000 |
| ಮಾರ್ಚ್ (ಡ್ರಿಪ್, ಮೋಟರ್ ರಿಪೇರಿ, ಯುಗಾದಿ) | 0 | 35,000 | –7,000 |
| ಏಪ್ರಿಲ್ (ಕವರ್, ನೊಣದ ಬಲೆ, ಕ್ರೇಟು) | 0 | 53,000 | –60,000 |
| ಮೇ (ಕೊಯ್ಲು) | 60,000 | 65,000 | –65,000 |
| ಜೂನ್ (ಕೊಯ್ಲು, ಶಾಲೆ ಫೀಸು) | 2,40,000 | 1,10,000 | 65,000 |
| ಜುಲೈ (ಕೊನೆ ಕೊಯ್ಲು) | 2,60,000 | 40,000 | 2,85,000 |

ವರ್ಷದ ಕೊನೆಗೆ ನೋಡಿದರೆ ಶುರು ಮಾಡಿದ್ದಕ್ಕಿಂತ 25,000 ಜಾಸ್ತಿ ಇದೆ. ಅಂದರೆ ತೋಟ ನಷ್ಟದಲ್ಲಿಲ್ಲ. ಆದರೂ ಮಾರ್ಚ್‌ನಿಂದ ಮೇ ತನಕ ಕೈ ಖಾಲಿ. ಟೇಬಲ್‌ನ ಕೊನೆ ಸಾಲಿಗಿಂತ, ಉಳಿಕೆ ಅತಿ ಕಡಿಮೆ ಇರೋ ಸಾಲೇ ಮುಖ್ಯ. ನಾವು ಹೊಂದಿಸಬೇಕಾದ್ದು ಆ ಗುಂಡಿಯನ್ನ.

ಇದನ್ನು ಫೋನಿನಲ್ಲೇ ಗೂಗಲ್ ಶೀಟ್ಸ್‌ನಲ್ಲಿ ಮಾಡಬಹುದು. A ಕಾಲಂನಲ್ಲಿ ತಿಂಗಳು, B ಬಂದದ್ದು, C ಹೋದದ್ದು, D ಉಳಿಕೆ. D2ನಲ್ಲಿ ಆರಂಭದ ಹಣ ಹಾಕಿ, D3ನಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=D2+B3-C3
```

ಮೇ ತಿಂಗಳನ್ನು ಎರಡು ಭಾಗ ಮಾಡಿ

ತಿಂಗಳ ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ಮೇ ತಿಂಗಳ ಉಳಿಕೆ –65,000 ಅಂತ ಟೇಬಲ್ ಹೇಳುತ್ತೆ. ಆದರೆ ಕೊಯ್ಲಿನ ಕೂಲಿ, ಪ್ಯಾಕಿಂಗು, ಗಾಡಿ ಬಾಡಿಗೆ ಮೊದಲ ವಾರದಿಂದಲೇ ಹೋಗುತ್ತೆ, ಹಣ್ಣಿನ ದುಡ್ಡು ಬರೋದು ತಿಂಗಳ ಕೊನೆಗೆ. ಮೇ 1ರಿಂದ 15ರ ಒಳಗೆ ಮನೆ ಖರ್ಚು 15,000, ಕೊಯ್ಲಿಗೆ 25,000 ಹೋಯ್ತು ಅಂದರೆ ಮೇ 15ಕ್ಕೆ ನಿಜವಾದ ಕೊರತೆ 1,00,000. ಟೇಬಲ್ ನಂಬಿ 65,000 ಮಾತ್ರ ಹೊಂದಿಸಿಕೊಂಡವರು, ಹಣ್ಣು ಮರದಲ್ಲೇ ಬಲಿತು ನಿಂತಿರುವಾಗ ಕೂಲಿಗೆ 35,000 ಹುಡುಕಬೇಕಾಗುತ್ತೆ. ಆ ಹೊತ್ತಲ್ಲಿ ಸಿಗೋ ಸಾಲವೇ ದುಬಾರಿ. ಹಾಗಾಗಿ ದುಡ್ಡು ಜೋರಾಗಿ ಓಡಾಡುವ ತಿಂಗಳನ್ನು ಹದಿನೈದು ದಿನದ ಎರಡು ಸಾಲಾಗಿ ಬರೀರಿ. ಉಳಿದ ತಿಂಗಳಿಗೆ ಅದು ಬೇಡ.

ಗುಂಡಿ ಮುಚ್ಚೋದು ಹೇಗೆ

ಕೊರತೆ 1,00,000, ಸಮಯ ಮಾರ್ಚ್‌ನಿಂದ ಜೂನ್ ಅರ್ಧದವರೆಗೆ. ಇದು ಆಗಸ್ಟ್‌ನಲ್ಲೇ ಗೊತ್ತಾದರೆ ಏಳು ತಿಂಗಳು ಟೈಮ್ ಇದೆ.

ಮೊದಲನೇದು, ಖಾಲಿ ತಿಂಗಳಲ್ಲಿ ಒಂದಿಷ್ಟು ಆದಾಯ. ಸಾಲುಗಳ ನಡುವೆ ಬಿಸಿಲು ಬೀಳುವ ಜಾಗದಲ್ಲಿ ಮಳೆಗಾಲದ ಅವರೆ ಹಾಕಿದರೆ ಡಿಸೆಂಬರ್–ಜನವರಿಗೆ ಕಾಯಿ ಬರುತ್ತೆ. ಖರ್ಚು ಕಳೆದು 20,000 ಅಂತ ಇಡೋಣ. ದಟ್ಟವಾಗಿ ಬೆಳೆದ ಹಳೆ ತೋಟವಾದರೆ ನೆರಳಿಗೆ ಅವರೆ ಚೆನ್ನಾಗಿ ಬರಲ್ಲ, ಅಂಥ ಕಡೆ ಈ ಅಂಕಿ ಬರೀಬೇಡಿ.

ಎರಡನೇದು, ಖಾಯಂ ಗಿರಾಕಿಗಳಿಂದ ಮುಂಗಡ. ನೇರವಾಗಿ ಬಾಕ್ಸ್ ಕಳಿಸೋರು ಏಪ್ರಿಲ್‌ನಲ್ಲಿ 60 ಮನೆಯಿಂದ 500 ರೂಪಾಯಿ ತಗೊಂಡರೆ 30,000. ಆದರೆ ಇದು ಹೊಸ ಆದಾಯ ಅಲ್ಲ. ಏಪ್ರಿಲ್‌ನಲ್ಲಿ ಕೂಡಿಸಿದ್ದನ್ನು ಜೂನ್‌ನ ಆದಾಯದಲ್ಲಿ ಕಳೆಯಲೇಬೇಕು, ಇಲ್ಲದಿದ್ದರೆ ಅದೇ ದುಡ್ಡನ್ನ ಎರಡು ಸಲ ಎಣಿಸಿದಂಗೆ ಆಗುತ್ತೆ.

ಈಗ ಮತ್ತೆ ಲೆಕ್ಕ ಹಾಕಿ. ಮಾರ್ಚ್ ಕೊನೆಗೆ 13,000 ಉಳಿಕೆ, ಏಪ್ರಿಲ್ ಕೊನೆಗೆ –10,000, ಮೇ 15ಕ್ಕೆ –50,000. ಮಳೆ ಬಂದು ಕೊಯ್ಲು ತಡವಾದರೆ ಅಂತ 10,000 ಕೈಗಾವಲಿಗೆ ಸೇರಿಸಿ. ಬೇಕಾದ ಸಾಲ 60,000, ಅದೂ ಏಪ್ರಿಲ್ ಕೊನೆಯಿಂದ ಸುಮಾರು ಎರಡು ತಿಂಗಳಿಗೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ, ಲಿಮಿಟ್ ಇದೆ ಅಂತ ಆಗಸ್ಟ್‌ನಲ್ಲೇ ಪೂರ್ತಿ ತೆಗೆಯಬೇಡಿ. ಬಡ್ಡಿ ಬೀಳೋದು ತೆಗೆದ ಹಣಕ್ಕೆ, ತೆಗೆದ ದಿನದಿಂದ. ಸಾಲ ತೆಗೆದ ತಿಂಗಳಲ್ಲಿ ಅದನ್ನ ‘ಬಂದದ್ದು’ ಅಂತಲೂ, ಕಟ್ಟುವ ತಿಂಗಳಲ್ಲಿ ಬಡ್ಡಿ ಸಮೇತ ‘ಹೋದದ್ದು’ ಅಂತಲೂ ಬರೀರಿ. ಮರುಪಾವತಿಯ ಗಡುವು ಯಾವ ದಿನ ಅಂತ ಬ್ಯಾಂಕಲ್ಲಿ ಕೇಳಿ ಶೀಟ್‌ನಲ್ಲೇ ಗುರುತು ಮಾಡಿ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ರಿಯಾಯಿತಿ ಪೂರ್ತಿ ಸಿಗೋದು. ಗಡುವು ಮಾರ್ಚ್‌ಗೆ ಬಿದ್ದಿದ್ದರೆ ಮಾವಿನವರಿಗೆ ಕಷ್ಟ, ಕೊಯ್ಲಿನ ನಂತರಕ್ಕೆ ಹೊಂದುತ್ತಾ ಅಂತ ಸಾಲ ತಗೊಳ್ಳೋ ಮೊದಲೇ ಮಾತಾಡಿ.

ಹೂವಿನಲ್ಲೇ ಮಾರಿದ್ದರೆ?

ಜನವರಿ ಕೊನೆಗೆ ಗುತ್ತಿಗೆದಾರ 2,80,000 ಕೊಡ್ತೀನಿ ಅಂತ ಬಂದ ಅಂದುಕೊಳ್ಳಿ. ಅದನ್ನ 5,60,000ಕ್ಕೆ ಹೋಲಿಸಬೇಡಿ. ಅಲ್ಲಿಂದಾಚೆ ಸಿಂಪಡಣೆ, ಕವರ್, ಕ್ರೇಟು, ಕೊಯ್ಲು ಎಲ್ಲ ಅವನದೇ ಖರ್ಚು. ನಮ್ಮ ಟೇಬಲ್‌ನಲ್ಲಿ ಅವು 1,80,000 ಆಗುತ್ತೆ. ಹಾಗಾಗಿ ಹೋಲಿಸಬೇಕಾದ್ದು 3,80,000ಕ್ಕೆ. ವ್ಯತ್ಯಾಸ ಒಂದು ಲಕ್ಷ. ಆಲಿಕಲ್ಲು, ಬೂದಿರೋಗ, ರೇಟು ಬೀಳೋದು, ಈ ಅಪಾಯವನ್ನ ಅವನು ಹೊರೋದಕ್ಕೆ ನೀವು ಕೊಡ್ತಿರೋ ಬೆಲೆ ಅದು. ಯೋಚಿಸಿ ಕೊಟ್ಟರೆ ತಪ್ಪಿಲ್ಲ. ಆದರೆ 60,000 ರೂಪಾಯಿ ಎರಡು ತಿಂಗಳಿಗೆ ಹೊಂದಿಸಕ್ಕಾಗದೆ ಒಂದು ಲಕ್ಷ ಬಿಟ್ಟುಕೊಡೋದು ಬೇಡ. ಸಾವಯವದವರಿಗೆ ಇನ್ನೊಂದು ಮಾತು: ಗುತ್ತಿಗೆದಾರ ಜಿಗಿಹುಳುವಿಗೆ ಏನು ಹೊಡೀತಾನೆ ಅನ್ನೋದು ನಿಮ್ಮ ಕೈಲಿರಲ್ಲ. ಒಂದು ಸಲ ರಾಸಾಯನಿಕ ಬಿದ್ದರೂ ಸರ್ಟಿಫಿಕೇಟ್‌ಗೆ ಕುತ್ತು.

ಫಸಲು ಕಡಿಮೆಯಾದ ವರ್ಷದ ಲೆಕ್ಕ

ಮಾವು ಒಂದು ವರ್ಷ ತುಂಬಾ ಕೊಟ್ಟು ಮರುವರ್ಷ ಕೈಕೊಡೋದು ಗೊತ್ತಿರೋದೇ. ಬಾದಾಮಿಯಲ್ಲಿ ಇದು ಜಾಸ್ತಿ, ತೋತಾಪುರಿ, ನೀಲಂನಲ್ಲಿ ಕಡಿಮೆ. ಹಾಗಾಗಿ ಶೀಟ್‌ನ ಇನ್ನೊಂದು ಪ್ರತಿ ಮಾಡಿ, ಆದಾಯವನ್ನ ಶೇ 40 ಇಳಿಸಿ ನೋಡಿ. ನಮ್ಮ ಟೇಬಲ್‌ನಲ್ಲಿ ಆದಾಯ 2,24,000 ಕಡಿಮೆಯಾಗುತ್ತೆ, ಕೊಯ್ಲಿನ ಖರ್ಚು ಸುಮಾರು 55,000 ಉಳಿಯುತ್ತೆ. ಜುಲೈ ಕೊನೆಗೆ ಕೈಯಲ್ಲಿರೋದು 2,85,000 ಬದಲು 1,16,000.

ಆ ಹಣದಲ್ಲಿ ಮುಂದಿನ ವರ್ಷ ಶುರು ಮಾಡಿದರೆ, ಅದೇ ಖರ್ಚಿನಲ್ಲಿ ಸೆಪ್ಟೆಂಬರ್ ಕೊನೆಗೆ 26,000 ಉಳಿದು, ಅಕ್ಟೋಬರ್‌ನಲ್ಲೇ ಕೈ ಖಾಲಿ. ಮಾರ್ಚ್‌ನಲ್ಲಿ ಬರಬೇಕಾದ ಗುಂಡಿ ಐದು ತಿಂಗಳು ಮೊದಲೇ ಬರುತ್ತೆ, ಮೇ ತನಕ ಆಳವಾಗ್ತಾನೇ ಹೋಗುತ್ತೆ. ಅದಕ್ಕೇ ತುಂಬು ಫಸಲಿನ ಜುಲೈನಲ್ಲಿ ಬಂದ ಹೆಚ್ಚುವರಿ ಹಣವನ್ನ ಟ್ರ್ಯಾಕ್ಟರ್ ಕಂತಿಗೋ ಬೈಕಿಗೋ ಹಾಕೋ ಮೊದಲು ಈ ಎರಡನೇ ಶೀಟ್ ತೆಗೆದು ನೋಡಿ. ಬೇರೆ ಖಾತೆಯಲ್ಲೋ ಚಿಕ್ಕ ಎಫ್‌ಡಿಯಲ್ಲೋ ಅದನ್ನ ಎತ್ತಿಡಿ.

ತಿಂಗಳ ಕೊನೆಗೆ ಹತ್ತು ನಿಮಿಷ

ಪ್ರತಿ ತಿಂಗಳ ಕೊನೆ ದಿನ, ಖಾತೆಯಲ್ಲಿರೋದು ಮತ್ತು ಜೇಬಿನಲ್ಲಿರೋದು ಸೇರಿಸಿ E ಕಾಲಂನಲ್ಲಿ ಬರೆದು D ಜೊತೆ ಹೋಲಿಸಿ. ನವೆಂಬರ್ ಕೊನೆಗೆ 1,16,000 ಇರಬೇಕಾದಲ್ಲಿ 95,000 ಇದ್ದರೆ, ಮೇ 15ರ ಕೊರತೆಯೂ ಅಷ್ಟೇ, ಅಂದರೆ 21,000 ಹೆಚ್ಚಾಯ್ತು ಅಂತ ಅರ್ಥ. ನವೆಂಬರ್‌ನಲ್ಲೇ ಗೊತ್ತಾದರೆ ಹೊಸ ಕ್ರೇಟು ಬಿಟ್ಟು ಬಾಡಿಗೆ ಕ್ರೇಟು ಹುಡುಕಬಹುದು, ಸಾಲದ ಮೊತ್ತ ಬದಲಾಯಿಸಬಹುದು. ಕಡಿಮೆ ಮಾಡೋದಾದರೆ ಹೂವಿನ ಹೊತ್ತಿನ ಸಿಂಪಡಣೆಯನ್ನು ಮಾತ್ರ ಮುಟ್ಟಬೇಡಿ. ಜನವರಿಯಲ್ಲಿ 7,000 ಉಳಿಸೋಕೆ ಹೋಗಿ ಜಿಗಿಹುಳು ಬಿದ್ದರೆ, ಜೂನ್‌ನ ‘ಬಂದದ್ದು’ ಕಾಲಂ ಪೂರ್ತಿ ಬದಲಾಗುತ್ತೆ.